134/84: ಮೈಸೂರಿನಲ್ಲಿ ಪರವಾಗಿಲ್ಲ, ನ್ಯೂಜೆರ್ಸಿಯಲ್ಲಿ ಕಾಯಿಲೆ

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ನ್ಯೂಜೆರ್ಸಿಗೆ ಹೋದ 58 ವರ್ಷದ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಹೊರಡುವ ಮುಂಚೆ ಬಡಾವಣೆಯ ಡಾಕ್ಟರು ಬಿಪಿ ನೋಡಿದ್ದರು. 134/84 ಇತ್ತು. ‘ಸ್ವಲ್ಪ ಮೇಲಕ್ಕಿದೆ ಅಮ್ಮ, ಮಾತ್ರೆ ಏನೂ ಬೇಡ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ವಾಪಸ್ ಬಂದ ಮೇಲೆ ಇನ್ನೊಮ್ಮೆ ನೋಡೋಣ’ ಎಂದಿದ್ದರು. ಅಲ್ಲಿ ಹೋಗಿ ತಿಂಗಳಾದ ಮೇಲೆ ಕೆಮ್ಮಿಗೆಂದು ಕ್ಲಿನಿಕ್ಕಿಗೆ ಹೋದರೆ ಅಲ್ಲಿಯೂ ಅದೇ 134/84. ಆದರೆ ಅವರು ಕೈಗಿತ್ತ ಕಾಗದದಲ್ಲಿ ‘ಹೈಪರ್‌ಟೆನ್ಷನ್, ಒಂದನೇ ಹಂತ’ ಎಂದು ಅಚ್ಚಾಗಿತ್ತು. ಮಗಳಿಗೆ ಗಾಬರಿ. ಊರಿನ ಡಾಕ್ಟರು ಸರಿಯಾಗಿ ನೋಡಲಿಲ್ಲವೇ, ಇಲ್ಲ ಇಲ್ಲಿಯವರು ಸುಮ್ಮನೆ ಹೆದರಿಸುತ್ತಿದ್ದಾರೆಯೇ?

ಇಬ್ಬರೂ ತಪ್ಪು ಹೇಳಿಲ್ಲ. ಊರಿನ ಡಾಕ್ಟರು ಭಾರತದಲ್ಲಿ ಬಳಕೆಯಲ್ಲಿರುವ ಮಾರ್ಗಸೂಚಿಯ ಪ್ರಕಾರ ನಡೆದುಕೊಂಡಿದ್ದಾರೆ. ಇಲ್ಲಿ ಅಧಿಕ ರಕ್ತದೊತ್ತಡದ ಗಡಿ 140/90. ಅಮೆರಿಕದ ಡಾಕ್ಟರು ತಮ್ಮ ದೇಶದ ಮಾರ್ಗಸೂಚಿಯಂತೆ ಬರೆದಿದ್ದಾರೆ. ಅಲ್ಲಿ ಗಡಿ 130/80. ಮೇಲಿನ ಅಂಕಿ, ಕೆಳಗಿನ ಅಂಕಿ ಇವೆರಡರಲ್ಲಿ ಯಾವುದೊಂದು ಗಡಿ ಮುಟ್ಟಿದರೂ ಲೆಕ್ಕಕ್ಕೆ ಸೇರುತ್ತದೆ. ದೇಹ ಒಂದೇ, ರಕ್ತನಾಳ ಒಂದೇ, ಅಂಕಿಯೂ ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ಅದಕ್ಕಿಂತ ಮುಖ್ಯವಾಗಿ, ಆ ತಾಯಿ ಈಗ ಏನು ಮಾಡಬೇಕು?

ಅಮೆರಿಕದಲ್ಲಿಯೂ 2017ರವರೆಗೆ 140/90 ಎಂದೇ ಇತ್ತು. ಆ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಹೃದ್ರೋಗ ತಜ್ಞರ ಎರಡು ದೊಡ್ಡ ಸಂಸ್ಥೆಗಳಾದ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಮತ್ತು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೇರಿ ಗಡಿಯನ್ನು 130/80ಕ್ಕೆ ಇಳಿಸಿದವು. ಬಿಪಿ ಇರುವ ಅಮೆರಿಕನ್ನರ ಸಂಖ್ಯೆ ಸುಮಾರು 7.2 ಕೋಟಿಯಿಂದ 10.3 ಕೋಟಿಗೆ ಏರಿತು. ಮೂರು ಕೋಟಿ ಜನ ಹಿಂದಿನ ರಾತ್ರಿ ಇದ್ದ ಹಾಗೆಯೇ ಬೆಳಿಗ್ಗೆ ಎದ್ದರು, ಆದರೆ ರೋಗಿಗಳಾಗಿ ಎದ್ದರು. ಮರು ವರ್ಷ ಯುರೋಪಿನ ತಜ್ಞರು ಅದೇ ಅಧ್ಯಯನಗಳನ್ನು ಓದಿ 140/90ನ್ನೇ ಉಳಿಸಿಕೊಂಡರು. ಅಂತರರಾಷ್ಟ್ರೀಯ ಹೈಪರ್‌ಟೆನ್ಷನ್ ಸೊಸೈಟಿ 2020ರಲ್ಲಿ ಅದನ್ನೇ ಹೇಳಿತು. ಅಮೆರಿಕದ ಒಳಗೇ ಕುಟುಂಬ ವೈದ್ಯರ ಸಂಘ ಹೊಸ ಗಡಿಗೆ ಒಪ್ಪಿಗೆ ಕೊಡಲಿಲ್ಲ. ಅಂದರೆ ಇದು ಹಿಂದುಳಿದ ದೇಶ, ಮುಂದುವರಿದ ದೇಶ ಎಂಬ ವ್ಯತ್ಯಾಸ ಅಲ್ಲ. ಬಲ್ಲವರ ನಡುವಿನ ನಿಜವಾದ ಭಿನ್ನಾಭಿಪ್ರಾಯ.

ಇದರ ಬೇರು ರಕ್ತದೊತ್ತಡದ ಸ್ವಭಾವದಲ್ಲೇ ಇದೆ. ಮೂಳೆ ಮುರಿದಿದೆಯೋ ಇಲ್ಲವೋ ಎಂದು ಎಕ್ಸ್‌ರೇ ನೋಡಿ ಹೇಳಬಹುದು. ರಕ್ತದೊತ್ತಡದಲ್ಲಿ ಅಂಥ ಜಾಗವೇ ಇಲ್ಲ. 2002ರಲ್ಲಿ ಪ್ರಕಟವಾದ, ಹತ್ತು ಲಕ್ಷ ಜನರ ದಾಖಲೆಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ ಕಂಡದ್ದು ಇಷ್ಟು: 40ರಿಂದ 69 ವಯಸ್ಸಿನವರಲ್ಲಿ 115/75ರಿಂದಲೇ ಅಪಾಯ ಏರತೊಡಗುತ್ತದೆ. ಮೇಲಿನ ಅಂಕಿ 20 ಹೆಚ್ಚಾದಾಗಲೆಲ್ಲ ಪಾರ್ಶ್ವವಾಯು ಅಥವಾ ಹೃದ್ರೋಗದಿಂದ ಸಾಯುವ ಸಂಭವ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಈ ಏರಿಕೆಯ ದಾರಿಯಲ್ಲಿ 140ರ ಹತ್ತಿರವಾಗಲಿ, 130ರ ಹತ್ತಿರವಾಗಲಿ ಯಾವ ಮೆಟ್ಟಿಲೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 35 ಬಂದವನು ಪಾಸು, 34 ಬಂದವನು ನಪಾಸು ಎನ್ನುತ್ತಿದ್ದೆವಲ್ಲ, ಆ ಇಬ್ಬರ ತಿಳಿವಳಿಕೆಯಲ್ಲಿ ಇರುವಷ್ಟೇ ವ್ಯತ್ಯಾಸ 139ಕ್ಕೂ 140ಕ್ಕೂ ಇರುವುದು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಬ್ರಿಟನ್ನಿನ ವೈದ್ಯ ಜಾರ್ಜ್ ಪಿಕರಿಂಗ್ ಒಬ್ಬರು. ಅಧಿಕ ರಕ್ತದೊತ್ತಡ ಎಂಬುದು ಕೆಲವರಿಗೆ ಮಾತ್ರ ಬರುವ ಪ್ರತ್ಯೇಕ ಕಾಯಿಲೆ ಎಂದು ವಾದಿಸುತ್ತಿದ್ದವರ ಎದುರು, ಎಲ್ಲರಲ್ಲೂ ಇರುವ ಒಂದು ಅಳತೆ ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ ಇರುತ್ತದೆ ಅಷ್ಟೇ ಎಂದು ಅವರು ದಶಕಗಳ ಕಾಲ ಹೇಳುತ್ತಾ ಬಂದರು. ಹಾಗಾದರೆ ಡಾಕ್ಟರು ಎಲ್ಲಿ ಮಾತ್ರೆ ಶುರು ಮಾಡಬೇಕು? ಅದಕ್ಕೆ ಉಪಯುಕ್ತ ಉತ್ತರ ಕೊಟ್ಟವರು ಜೆಫ್ರಿ ರೋಸ್ ಮತ್ತು ಅವರ ಸಹೋದ್ಯೋಗಿ. ಯಾವ ಮಟ್ಟದಿಂದ ಮೇಲೆ ಚಿಕಿತ್ಸೆ ಕೊಟ್ಟರೆ ಆಗುವ ಒಳಿತು ಅದರಿಂದಾಗುವ ಕೆಡುಕಿಗಿಂತ ಹೆಚ್ಚೋ, ಅದೇ ಗಡಿ ಎಂದು 1971ರಲ್ಲಿ ಅವರು ಬರೆದರು. ಈ ಮಾತು ಒಪ್ಪಿಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಒಳಿತು ಎಷ್ಟು, ಕೆಡುಕು ಎಷ್ಟು ಎಂಬ ಲೆಕ್ಕ ಯಾರಿಗೆ ಚಿಕಿತ್ಸೆ ಎಂಬುದರ ಮೇಲೆ, ಹೇಗೆ ಅಳೆದರು ಎಂಬುದರ ಮೇಲೆ, ಖರ್ಚು ಯಾರದು ಎಂಬುದರ ಮೇಲೆ ಬದಲಾಗುತ್ತದೆ. ಅದರ ಜೊತೆಗೆ ಗಡಿಯೂ ಬದಲಾಗುತ್ತದೆ.

ಅಮೆರಿಕದವರು ಗಡಿ ಇಳಿಸಲು ಮುಖ್ಯ ಕಾರಣವಾದದ್ದು 2015ರಲ್ಲಿ ಹೊರಬಂದ ‘ಸ್ಪ್ರಿಂಟ್’ ಎಂಬ ಅಧ್ಯಯನ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಜಗಳವೆಲ್ಲ ಇದನ್ನು ಹೇಗೆ ಓದಬೇಕು ಎಂಬುದರ ಬಗ್ಗೆಯೇ. ಐವತ್ತು ದಾಟಿದ, ಹೃದ್ರೋಗದ ಅಪಾಯ ಹೆಚ್ಚಿದ್ದ 9,361 ಜನರನ್ನು ಆರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮೇಲಿನ ಅಂಕಿಯನ್ನು 140ಕ್ಕಿಂತ ಕೆಳಗೆ, ಇನ್ನೊಂದರಲ್ಲಿ 120ಕ್ಕಿಂತ ಕೆಳಗೆ ತರುವುದು ಗುರಿ. ಸುಮಾರು ಮೂರೂಕಾಲು ವರ್ಷಕ್ಕೇ ಅಧ್ಯಯನ ನಿಲ್ಲಿಸಬೇಕಾಯಿತು, ಏಕೆಂದರೆ ಕೆಳಗಿನ ಗುರಿಯ ಗುಂಪಿನಲ್ಲಿ ಲಾಭ ಎದ್ದು ಕಾಣುತ್ತಿತ್ತು. ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದಂಥ ಘಟನೆಗಳು ಕಾಲು ಭಾಗದಷ್ಟು ಕಡಿಮೆಯಾಗಿದ್ದವು.

ಕಾಲು ಭಾಗ ಎಂದರೆ ದೊಡ್ಡ ಮಾತು. ಅದನ್ನೇ ತಲೆ ಎಣಿಸಿ ಹೇಳುವುದಾದರೆ, ಸಾವಿರ ಜನರಲ್ಲಿ 68 ಮಂದಿಗೆ ಆಗುತ್ತಿದ್ದದ್ದು 52 ಮಂದಿಗೆ ಆಯಿತು. ಹದಿನಾರು ಜನ ಪಾರಾದರು. ಇದು ಸಣ್ಣ ಸಾಧನೆಯಲ್ಲ. ಆದರೆ ಅದಕ್ಕಾಗಿ ಆ ಗುಂಪಿನವರು ಸರಾಸರಿ ಒಂದು ಮಾತ್ರೆ ಹೆಚ್ಚಿಗೆ ನುಂಗಬೇಕಾಯಿತು. ಮೂತ್ರಪಿಂಡಕ್ಕೆ ಹಠಾತ್ತನೆ ಪೆಟ್ಟು ಬಿದ್ದವರು ಸಾವಿರಕ್ಕೆ 25ರಿಂದ 41ಕ್ಕೆ ಏರಿದರು. ಅಲ್ಲಿಯೂ ಹದಿನಾರರ ವ್ಯತ್ಯಾಸ. ಅವರಲ್ಲಿ ಬಹುಪಾಲು ಜನ ಚೇತರಿಸಿಕೊಂಡರು, ಹೃದಯಾಘಾತಕ್ಕೆ ಅದನ್ನು ಸಮ ಎನ್ನಲಾಗದು. ಹಾಗೆಂದು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಲೂ ಆಗದು. ತಲೆಸುತ್ತಿ ಬೀಳುವುದು, ಬಿಪಿ ತೀರಾ ಇಳಿಯುವುದು ಕೂಡ ಹೆಚ್ಚಾಗಿತ್ತು.

ಯುರೋಪಿನವರು ಈ ಫಲಿತಾಂಶವನ್ನು ಸುಳ್ಳು ಎನ್ನಲಿಲ್ಲ. ಅವರು ಕೇಳಿದ ಪ್ರಶ್ನೆ ಬೇರೆ. ಸ್ಪ್ರಿಂಟ್‌ನಲ್ಲಿ ಇದ್ದವರು ಆಗಲೇ ಅಪಾಯದ ಅಂಚಿನಲ್ಲಿದ್ದವರು. ಅವರಿಂದ ಕಲಿತದ್ದನ್ನು ಬೇರೆ ಯಾವ ತೊಂದರೆಯೂ ಇಲ್ಲದ ನಲವತ್ತರ ಗೃಹಿಣಿಗೆ ಅನ್ವಯಿಸಿ ‘ನಿನಗೂ ಕಾಯಿಲೆ ಇದೆ’ ಎನ್ನಬಹುದೇ? 2016ರಲ್ಲಿ ಬಂದ ‘ಹೋಪ್-3’ ಎಂಬ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಮಧ್ಯಮ ಅಪಾಯದವರಿಗೆ ಬಿಪಿ ಮಾತ್ರೆ ಕೊಟ್ಟು ನೋಡಿದ್ದರು. ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಮೊದಲಿಗೇ 143ಕ್ಕಿಂತ ಮೇಲಿದ್ದವರಲ್ಲಿ ಮಾತ್ರ ಲಾಭ ಕಂಡಿತ್ತು.

ಇನ್ನೊಂದು ಸಂಗತಿ ಸಾಮಾನ್ಯ ಓದುಗರ ಕಿವಿಗೆ ಬೀಳುವುದೇ ಇಲ್ಲ, ಆದರೆ ನನಗೆ ಅದೇ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ. ಅದು ಅಳತೆಯ ಮಾತು. ಸ್ಪ್ರಿಂಟ್‌ನಲ್ಲಿ ಬಿಪಿ ನೋಡಿದ ರೀತಿ ನಮ್ಮ ಯಾವ ಒಪಿಡಿಯಲ್ಲೂ ಕಾಣಸಿಗದು. ವ್ಯಕ್ತಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಆಮೇಲೆ ಯಂತ್ರ ತಾನಾಗಿ ಮೂರು ಸಲ ಅಳೆದು ಸರಾಸರಿ ತೆಗೆಯುತ್ತದೆ. ಎಷ್ಟೋ ಕೇಂದ್ರಗಳಲ್ಲಿ ಆ ಹೊತ್ತಿಗೆ ನರ್ಸ್ ಕೂಡ ಕೋಣೆಯಲ್ಲಿ ಇರುತ್ತಿರಲಿಲ್ಲ. ಹೀಗೆ ಅಳೆದಾಗ ಬರುವ ಅಂಕಿ ಮಾಮೂಲಿ ಕ್ಲಿನಿಕ್ಕಿನ ಅಂಕಿಗಿಂತ 5ರಿಂದ 10ರಷ್ಟು ಕಡಿಮೆ ಇರುವುದು ಸಾಮಾನ್ಯ. ಹಾಗಾಗಿ ಅಲ್ಲಿನ 130 ಎಂದರೆ ನಮ್ಮ ಗಡಿಬಿಡಿಯ ಕ್ಲಿನಿಕ್ಕಿನಲ್ಲಿ 138 ಆಗಿರಬಹುದು. ಎರಡು ಮಾರ್ಗಸೂಚಿಗಳ ನಡುವೆ ಕಾಗದದಲ್ಲಿ ಕಾಣುವ ಹತ್ತರ ಅಂತರದಲ್ಲಿ ಒಂದಷ್ಟು ಪಾಲು ಬರೀ ಅಳೆಯುವ ವಿಧಾನದ್ದು.

ನಮ್ಮಲ್ಲಿ ಹೇಗೆ ಅಳೆಯುತ್ತಾರೆ ಎಂದು ನೆನಪಿಸಿಕೊಳ್ಳಿ. ಬಸ್ಸಿಳಿದು, ಬಿಸಿಲಲ್ಲಿ ನಡೆದು, ಮೆಟ್ಟಿಲು ಹತ್ತಿ, ಟೋಕನ್ ತೆಗೆದುಕೊಂಡು ಕಾದು ಒಳಗೆ ಹೋದ ಕೂಡಲೇ ಸ್ಟೂಲಿನ ಮೇಲೆ ಕೂರಿಸಿ ಪಟ್ಟಿ ಸುತ್ತುತ್ತಾರೆ. ಬೆನ್ನಿಗೆ ಆಸರೆ ಇಲ್ಲ. ಕೈ ತೊಡೆಯ ಮೇಲೋ, ಪಕ್ಕಕ್ಕೆ ಜೋತುಬಿದ್ದೋ ಇರುತ್ತದೆ. ಪಟ್ಟಿ ಬಿಗಿಯುತ್ತಿರುವಾಗಲೇ ‘ಏನಾಗ್ತಿದೆ ಹೇಳಿ’ ಎಂದು ಡಾಕ್ಟರು ಕೇಳುತ್ತಾರೆ, ರೋಗಿ ಹೇಳುತ್ತಾ ಹೋಗುತ್ತಾರೆ. ಇವುಗಳಲ್ಲಿ ಒಂದೊಂದೂ ಅಂಕಿಯನ್ನು ಮೇಲೆತ್ತುತ್ತದೆ. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡುವ ಬದಲು ತೊಡೆಯ ಮೇಲಿಟ್ಟರೆ ಮೇಲಿನ ಅಂಕಿ ಸುಮಾರು 4, ಜೋತುಬಿಟ್ಟರೆ ಸುಮಾರು 6.5 ಹೆಚ್ಚು ಬರುತ್ತದೆ ಎಂದು 2024ರ ಒಂದು ಪ್ರಯೋಗ ತೋರಿಸಿತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರಂತೂ ಕೇಳುವುದೇ ಬೇಡ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಹಾಕಿದರೆ 20ರ ಹತ್ತಿರ ಹೆಚ್ಚು ತೋರಿಸಬಹುದು. ಮಾತು, ತುಂಬಿದ ಮೂತ್ರಕೋಶ, ಆಗತಾನೇ ಕುಡಿದ ಕಾಫಿ ಇವೆಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಹೀಗಿರುವಾಗ ಒಂದೇ ಒಂದು ಸಲ ಬಂದ 134 ಅಥವಾ 142 ಎಂಬ ಅಂಕಿಯನ್ನು ಹಿಡಿದುಕೊಂಡು ಗಡಿ ದಾಟಿದೆಯೋ ಇಲ್ಲವೋ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ.

ಬ್ರಿಟನ್ನಿನಲ್ಲಿ ಇದನ್ನೇ ನಿಯಮವಾಗಿ ಮಾಡಿದ್ದಾರೆ. ಕ್ಲಿನಿಕ್ಕಿನಲ್ಲಿ 140/90 ದಾಟಿದರೂ ಅಷ್ಟಕ್ಕೇ ಕಾಯಿಲೆ ಎಂದು ಬರೆಯುವಂತಿಲ್ಲ. ತೀರಾ ಹೆಚ್ಚಿಲ್ಲದಿದ್ದರೆ, ದಿನವಿಡೀ ಕಟ್ಟಿಕೊಂಡಿರುವ ಯಂತ್ರದಿಂದ ಇಲ್ಲವೇ ಮನೆಯಲ್ಲಿ ಅಳೆದು, ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಹೈಪರ್‌ಟೆನ್ಷನ್. ಆಸ್ಪತ್ರೆಯ ವಾತಾವರಣಕ್ಕೇ ಬಿಪಿ ಏರುವವರು ಇದರಿಂದ ಸೋಸಿಹೋಗುತ್ತಾರೆ. ಇದರ ತಿರುಗುಮುರುಗೂ ಉಂಟು. ಡಾಕ್ಟರ ಎದುರು ಚೆನ್ನಾಗಿದ್ದು ಮನೆಯಲ್ಲೋ ಕೆಲಸದ ಜಾಗದಲ್ಲೋ ಏರುವ ಬಿಪಿ. ಅಪಾಯದ ದೃಷ್ಟಿಯಿಂದ ಇದೇ ಹೆಚ್ಚು ಕೆಟ್ಟದ್ದು, ಏಕೆಂದರೆ ಯಾರೂ ಹುಡುಕುವುದಿಲ್ಲ.

ಭಾರತದ ಗಡಿಗೆ ಇನ್ನೊಂದು ಕಾರಣ ಇದೆ. 2017ರಲ್ಲಿ ಶುರುವಾದ ಭಾರತ ಹೈಪರ್‌ಟೆನ್ಷನ್ ನಿಯಂತ್ರಣ ಕಾರ್ಯಕ್ರಮದ ಕೆಲಸ ನಡೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನರ್ಸುಗಳ ಕೈಯಲ್ಲಿ. ಅಲ್ಲಿಗೆ 170/100 ಇದ್ದೂ ಗೊತ್ತಿಲ್ಲದವರು, ಗೊತ್ತಿದ್ದೂ ಮಾತ್ರೆ ಬಿಟ್ಟವರು ಬರುತ್ತಾರೆ. ಕೇಂದ್ರದಲ್ಲಿ ತಿಂಗಳ ಮಾತ್ರೆ ಮುಗಿದುಹೋಗದಂತೆ ನೋಡಿಕೊಳ್ಳುವುದೇ ಹೆಣಗಾಟವಾಗಿರುವಾಗ 132ರವರನ್ನೂ ಸಾಲಿನಲ್ಲಿ ನಿಲ್ಲಿಸಿದರೆ 170ರವರಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಾಮಾನ್ಯ ಜನರಿಗೆ ಮಾತ್ರೆ ಶುರು ಮಾಡುವ ಮಟ್ಟವನ್ನು 140/90 ಎಂದೇ ಇಟ್ಟಿತು. ಆದರೆ ಹೃದ್ರೋಗ ಆಗಲೇ ಇದ್ದವರಿಗೆ 130ರಿಂದಲೇ ಶುರು ಮಾಡಬೇಕೆಂದು ಹೇಳಿತು. ಮಧುಮೇಹ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ, ಒಟ್ಟು ಅಪಾಯ ಹೆಚ್ಚಿದ್ದವರಿಗೆ 130ರಿಂದ ಶುರು ಮಾಡಬಹುದೆಂದು ಸೂಚಿಸಿತು. ಈ ‘ಆದರೆ’ಯಲ್ಲೇ ಅಸಲು ವಿಷಯ ಇರುವುದು.

ನಮ್ಮ ಮೈಸೂರಿನ ತಾಯಿಗೆ ವಾಪಸ್ ಬರೋಣ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ, ಹೊಗೆಸೊಪ್ಪಿನ ಅಭ್ಯಾಸ ಇಲ್ಲ, ಕೊಲೆಸ್ಟರಾಲ್ ಪರವಾಗಿಲ್ಲ. ಅವರ ಯಜಮಾನರಿಗೆ 66. ಹತ್ತು ವರ್ಷದಿಂದ ಡಯಾಬಿಟಿಸ್, ದಿನಕ್ಕೆ ನಾಲ್ಕೈದು ಸಿಗರೇಟು ಇನ್ನೂ ಬಿಟ್ಟಿಲ್ಲ. ಅವರ ಬಿಪಿಯೂ 134/84 ಎಂದೇ ಇಟ್ಟುಕೊಳ್ಳೋಣ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಸಂಭವ ಎಷ್ಟು ಎಂದು ಹೇಳುವ ಕೋಷ್ಟಕಗಳಿವೆ. ವಯಸ್ಸು, ಲಿಂಗ, ಧೂಮಪಾನ, ಮಧುಮೇಹ, ಬಿಪಿ, ಕೊಲೆಸ್ಟರಾಲ್ ಇವನ್ನು ಹಾಕಿದರೆ ಶೇಕಡಾವಾರು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ಏಷ್ಯಾಕ್ಕೆಂದೇ ಬೇರೆ ಕೋಷ್ಟಕ ಮಾಡಿದೆ. ಲೆಕ್ಕಕ್ಕೆ ಸುಲಭವಾಗಲೆಂದು ತಾಯಿಯ ಅಪಾಯ ನೂರಕ್ಕೆ 5, ಯಜಮಾನರದು ನೂರಕ್ಕೆ 20 ಎಂದುಕೊಳ್ಳೋಣ.

ಮೂರು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾತ್ರೆಯಿಂದ ಮೇಲಿನ ಅಂಕಿ 5ರಷ್ಟು ಇಳಿದರೆ ಇಂಥ ಘಟನೆಗಳು ಸುಮಾರು ಹತ್ತನೇ ಒಂದು ಪಾಲು ತಗ್ಗುತ್ತವೆ. ಶುರುವಿನಲ್ಲಿ ಬಿಪಿ ಎಷ್ಟಿತ್ತು ಎಂಬುದರಿಂದ ಈ ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ. ಈಗ ತಾಯಿಯಂಥ ಸಾವಿರ ಹೆಂಗಸರನ್ನು ತೆಗೆದುಕೊಳ್ಳಿ. ಹತ್ತು ವರ್ಷದಲ್ಲಿ 50 ಮಂದಿಗೆ ಆಗುತ್ತಿದ್ದದ್ದು ಮಾತ್ರೆಯಿಂದ 45 ಆಗುತ್ತದೆ. ಐದು ಮಂದಿಗೆ ಉಪಕಾರ. ಉಳಿದ 995 ಮಂದಿ ಹತ್ತು ವರ್ಷ ದಿನವೂ ಮಾತ್ರೆ ನುಂಗಿ, ಅದರ ಕಾಲುಬಾವನ್ನೋ ಕೆಮ್ಮನ್ನೋ ಅನುಭವಿಸಿದರೂ ಅವರ ಪಾಡಿನಲ್ಲಿ ಏನೂ ಬದಲಾಗುವುದಿಲ್ಲ. ಯಜಮಾನರಂಥ ಸಾವಿರ ಗಂಡಸರಲ್ಲಿ 200 ಇದ್ದದ್ದು 180 ಆಗುತ್ತದೆ. ಇಪ್ಪತ್ತು ಮಂದಿಗೆ ಉಪಕಾರ. ಅದೇ ಬಿಪಿ, ಅದೇ ಮಾತ್ರೆ, ನಾಲ್ಕು ಪಟ್ಟು ಪ್ರಯೋಜನ.

ಈ ಲೆಕ್ಕ ಮುಂದಿಟ್ಟುಕೊಂಡು ಮಾರ್ಗಸೂಚಿಗಳನ್ನು ಮತ್ತೆ ಓದಿದರೆ ಅವು ಅಂದುಕೊಂಡಷ್ಟು ದೂರ ಇಲ್ಲ ಎಂಬುದು ಕಾಣುತ್ತದೆ. 2017ರ ಅಮೆರಿಕದ ಪುಸ್ತಕ ತಾಯಿಗೆ ಹೈಪರ್‌ಟೆನ್ಷನ್ ಎಂದು ಹೆಸರಿಟ್ಟಿತೇ ಹೊರತು ಮಾತ್ರೆ ಕೊಡಿ ಎನ್ನಲಿಲ್ಲ. 130ರಿಂದ 139ರ ನಡುವಿನವರಲ್ಲಿ ಹೃದ್ರೋಗ ಇದ್ದವರಿಗೆ ಅಥವಾ ಅಪಾಯ ನೂರಕ್ಕೆ ಹತ್ತು ದಾಟಿದವರಿಗೆ ಮಾತ್ರ ಔಷಧ ಎಂದಿತು. ಹಾಗಾಗಿ ಮೂರು ಕೋಟಿ ಹೊಸ ರೋಗಿಗಳಲ್ಲಿ ಹೊಸದಾಗಿ ಮಾತ್ರೆ ಬೇಕಾದವರು ಸುಮಾರು 42 ಲಕ್ಷ ಮಾತ್ರ. ಇತ್ತ ಯುರೋಪಿನ ಹೃದ್ರೋಗ ತಜ್ಞರು 2024ರಲ್ಲಿ 140/90ನ್ನು ಹಾಗೇ ಇಟ್ಟು, ಅದರ ಕೆಳಗೆ 120/70ರಿಂದ 139/89ರವರೆಗೆ ‘ಏರಿದ ರಕ್ತದೊತ್ತಡ’ ಎಂಬ ಹೊಸ ಅಂಕಣ ಮಾಡಿದರು. ಅದರಲ್ಲಿ 130 ದಾಟಿದ, ಅಪಾಯ ಹೆಚ್ಚಿರುವವರಿಗೆ ಮೂರು ತಿಂಗಳ ಪಥ್ಯ-ವ್ಯಾಯಾಮದಿಂದ ಇಳಿಯದಿದ್ದರೆ ಮಾತ್ರೆ ಎಂದರು. ಹೆಸರು ಬೇರೆ, ದಾರಿ ಹೆಚ್ಚುಕಡಿಮೆ ಒಂದೇ. ಯಜಮಾನರು ಮೈಸೂರಿನಲ್ಲಿರಲಿ, ನ್ಯೂಜೆರ್ಸಿಯಲ್ಲಿರಲಿ, ಪ್ಯಾರಿಸ್ಸಿನಲ್ಲಿರಲಿ, ಅವರ 134 ನಿಜವೆಂದು ಖಾತ್ರಿಯಾದರೆ ಮಾತ್ರೆಯ ಮಾತು ಬರಲೇಬೇಕು. ಅವರ ಬಿಪಿಯನ್ನು ‘ಬಾರ್ಡರ್‌ಲೈನ್ ಅಷ್ಟೇ’ ಎಂದು ಬಿಡುವುದು ನಮ್ಮಲ್ಲಿ ದಿನನಿತ್ಯ ಆಗುತ್ತಿರುವ ತಪ್ಪು.

ನಿಜವಾದ ಜಗಳ ಉಳಿದಿರುವುದು ಚಿಕ್ಕ ವಯಸ್ಸಿನವರ ವಿಷಯದಲ್ಲಿ. ಬೆಂಗಳೂರಿನ ಕಂಪನಿಯೊಂದರ ವಾರ್ಷಿಕ ತಪಾಸಣೆಯಲ್ಲಿ 36 ವರ್ಷದವನಿಗೆ 136/88 ಬಂದರೆ, ಹತ್ತು ವರ್ಷದ ಕೋಷ್ಟಕ ಅವನ ಅಪಾಯ ನೂರಕ್ಕೆ ಒಂದೋ ಎರಡೋ ಎನ್ನುತ್ತದೆ. ಅದು ನಿಜವೇ, ಆದರೆ ಅವನು ಬದುಕಬೇಕಾದದ್ದು ಹತ್ತೇ ವರ್ಷ ಅಲ್ಲ. ಇಪ್ಪತ್ತೈದು ವರ್ಷ ಈ ಒತ್ತಡ ಹೊತ್ತ ರಕ್ತನಾಳಗಳ ಗತಿ ಏನು ಎಂಬುದಕ್ಕೆ ಕೋಷ್ಟಕದಲ್ಲಿ ಜಾಗವಿಲ್ಲ. 2025ರ ಹೊಸ ಅಮೆರಿಕನ್ ಮಾರ್ಗಸೂಚಿ ಇದನ್ನು ಗಮನಿಸಿ, ಅಪಾಯ ಕಡಿಮೆ ಇದ್ದವರಿಗೂ ಮೂರರಿಂದ ಆರು ತಿಂಗಳ ಪ್ರಯತ್ನದ ನಂತರ 130/80ರ ಕೆಳಗೆ ಬರದಿದ್ದರೆ ಔಷಧ ಕೊಡಲು ಹೇಳುತ್ತದೆ. ಬೇರೆಯವರು ಅಷ್ಟು ದೂರ ಹೋಗಿಲ್ಲ. ಅಂಥ ತರುಣರ ಮೇಲೆ ದಶಕಗಟ್ಟಲೆ ನಡೆದ ಔಷಧ ಪ್ರಯೋಗ ಇಲ್ಲದಿರುವುದರಿಂದ ಎರಡೂ ಕಡೆಯವರು ಊಹೆಯ ಮೇಲೆಯೇ ನಿಂತಿದ್ದಾರೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಕೆಲವು ವರ್ಷ ಮುಂಚೆಯೇ ಬರುತ್ತದೆ ಎಂಬುದು ಗೊತ್ತಿರುವ ಸಂಗತಿ. ತಂದೆಗೋ ಅಣ್ಣನಿಗೋ ಐವತ್ತರ ಒಳಗೆ ಹೃದಯಾಘಾತ ಆಗಿದ್ದರೆ ಈ 136ನ್ನು ಲಘುವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಮಾತ್ರೆಯೇ ಬೇಕೆಂದಲ್ಲ. ಆದರೆ ಮರೆತು ಮುಂದಿನ ವರ್ಷದ ತಪಾಸಣೆಗೆ ಕಾಯುವುದು ಸಲ್ಲದು.

ಹಾಗಾದರೆ ಎಲ್ಲರನ್ನೂ ರೋಗಿ ಎಂದೇ ಕರೆದುಬಿಟ್ಟರೆ ಏನು ನಷ್ಟ, ಹೆದರಿಕೆಗಾದರೂ ಉಪ್ಪು ಬಿಡುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ನಷ್ಟ ಇದೆ. 1978ರಲ್ಲಿ ಕೆನಡಾದ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ‘ನಿಮಗೆ ಬಿಪಿ ಇದೆ’ ಎಂದು ತಿಳಿಸಿದ ಮೇಲೆ ಕಾಯಿಲೆಯ ಕಾರಣ ಕೊಟ್ಟು ಅವರು ರಜೆ ಹಾಕುವುದು ಹೆಚ್ಚಾಯಿತು. ಮಾತ್ರೆ ಶುರು ಮಾಡಿರಲಿ, ಇಲ್ಲದಿರಲಿ, ಹೀಗೇ ಆಯಿತು. ದೇಹದಲ್ಲಿ ಏನೂ ಬದಲಾಗಿರಲಿಲ್ಲ, ತಾವು ಕಾಯಿಲೆಯವರು ಎಂಬ ಭಾವನೆ ಬಂದಿತ್ತು. ಕಾಯಿಲೆಯ ಹೆಸರು ಒಮ್ಮೆ ಫೈಲಿನಲ್ಲಿ ಸೇರಿದರೆ ನಮ್ಮಲ್ಲಿ ವಿಮೆಯ ಅರ್ಜಿಯಲ್ಲೂ ಅದನ್ನು ಬರೆಯಬೇಕಾಗುತ್ತದೆ. ಆದ್ದರಿಂದ ಆ ಹೆಸರನ್ನು ಖಾತ್ರಿಯಾದ ಮೇಲೆಯೇ ಕೊಡಬೇಕು.

ಖಾತ್ರಿ ಮಾಡಿಕೊಳ್ಳುವುದು ಕಷ್ಟವಲ್ಲ. ತೋಳಿಗೆ ಸುತ್ತುವ ಯಂತ್ರ ಇರಲಿ, ಮಣಿಕಟ್ಟಿನದು ಬೇಡ. ಏಳು ದಿನ, ಬೆಳಿಗ್ಗೆ ಕಾಫಿಗೂ ಮಾತ್ರೆಗೂ ಮುಂಚೆ ಎರಡು ಸಲ, ಸಂಜೆ ಎರಡು ಸಲ ಅಳೆಯಬೇಕು. ಎರಡು ಅಳತೆಗಳ ನಡುವೆ ಒಂದು ನಿಮಿಷದ ಅಂತರ ಇರಲಿ. ಮೊದಲು ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು. ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟದಲ್ಲಿ, ಸೀರೆಯ ರವಿಕೆಯಾಗಲಿ ಅಂಗಿಯ ತೋಳಾಗಲಿ ಪಟ್ಟಿಯ ಕೆಳಗೆ ಸಿಕ್ಕಿಕೊಂಡಿರಬಾರದು. ಟಿವಿ, ಫೋನು, ಮಾತು ಯಾವುದೂ ಬೇಡ. ಬಂದ ಅಂಕಿಯನ್ನು ಬಂದ ಹಾಗೆ ಬರೆಯಬೇಕು. 137 ಬಂದರೆ 137. ಇಷ್ಟವಾಗದ ಅಂಕಿಯನ್ನು ಬಿಟ್ಟು ಮತ್ತೊಮ್ಮೆ ಅಳೆಯುತ್ತಾ ಹೋದರೆ ನಮ್ಮನ್ನು ನಾವೇ ಮೋಸ ಮಾಡಿಕೊಂಡ ಹಾಗೆ.

ನಮ್ಮ ತಾಯಿ ಹೀಗೆ ಅಳೆದಾಗ ಮೊದಲ ದಿನ 139, 136, 135, 134 ಬಂತೆನ್ನಿ. ಮೊದಲ ದಿನದ್ದನ್ನು ಲೆಕ್ಕದಿಂದ ಬಿಡುವುದು ವಾಡಿಕೆ, ಏಕೆಂದರೆ ಹೊಸ ಯಂತ್ರದ ಕುತೂಹಲ, ಆತಂಕ ಎರಡೂ ಇರುತ್ತವೆ. ಉಳಿದ ಆರು ದಿನದ 24 ಅಂಕಿಗಳ ಸರಾಸರಿ 127/78 ಬಂದರೆ ಅಮೆರಿಕದ ಲೆಕ್ಕದಲ್ಲೂ ಅವರಿಗೆ ಹೈಪರ್‌ಟೆನ್ಷನ್ ಇಲ್ಲ. ಮನೆಯ ಅಳತೆಗೆ ಅಲ್ಲಿನ ಗಡಿ 130/80. ಸರಾಸರಿ 133/82 ಬಂದರೆ ಅಮೆರಿಕದಲ್ಲಿ ಇದೆ, ಇಲ್ಲಿ ಇಲ್ಲ. ಉಪ್ಪು, ನಡಿಗೆ, ತೂಕ ನೋಡಿಕೊಂಡು ಕೆಲವು ತಿಂಗಳ ಮೇಲೆ ಮತ್ತೆ ಅಳೆಯಬೇಕು. 137/86 ಬಂದರೆ ಯಾವ ದೇಶದಲ್ಲಾದರೂ ಗಡಿ ದಾಟಿದ್ದಾರೆ, ಕ್ಲಿನಿಕ್ಕಿನಲ್ಲಿ 134 ಬಂದಿತ್ತಲ್ಲ ಎಂಬ ಸಮಾಧಾನಕ್ಕೆ ಜಾಗವಿಲ್ಲ.

ಇಲ್ಲ ಎಂದು ಬಂದರೂ ಮರೆಯುವಂತಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದ 2001ರ ವರದಿಯಂತೆ, 130ರಿಂದ 139ರ ನಡುವೆ ಅಥವಾ ಕೆಳಗಿನ ಅಂಕಿ 85ರಿಂದ 89ರ ನಡುವೆ ಇದ್ದವರಲ್ಲಿ 65ರ ಒಳಗಿನ ನೂರಕ್ಕೆ 37 ಮಂದಿ ನಾಲ್ಕು ವರ್ಷದೊಳಗೆ 140/90 ದಾಟಿದರು. 65 ದಾಟಿದವರಲ್ಲಿ ಅರ್ಧದಷ್ಟು ಮಂದಿ. ಗಡಿಯ ಹತ್ತಿರದ ಅಂಕಿ ಇರುವವರು ವರ್ಷಕ್ಕೊಮ್ಮೆಯಾದರೂ ಸರಿಯಾಗಿ ಅಳೆಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಮೇಲಿನ ಅಂಕಿ 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಮಾತ್ರ ಏಳು ದಿನದ ಲೆಕ್ಕ ಬೇಡ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ‘ನನ್ನದು 132, ನನಗೆ ಬಿಪಿಯೇ ಇಲ್ಲ’ ಎಂದು ಮಾತ್ರೆ ನಿಲ್ಲಿಸಬೇಡಿ. ಆ 132 ಬಂದಿರುವುದು ಮಾತ್ರೆಯಿಂದ. ಉಳಿದವರು ಏಳು ದಿನದ ಅಂಕಿ ಬರೆದ ಹಾಳೆ ಹಿಡಿದು ಡಾಕ್ಟರ ಬಳಿ ಹೋಗಿ. ‘ನನಗೆ ಬಿಪಿ ಇದೆಯಾ?’ ಎಂದು ಕೇಳುವುದರ ಜೊತೆಗೆ ‘ಮುಂದಿನ ಹತ್ತು ವರ್ಷದಲ್ಲಿ ನನ್ನ ಒಟ್ಟು ಅಪಾಯ ನೂರಕ್ಕೆ ಎಷ್ಟು?’ ಎಂದೂ ಕೇಳಿ.